ಇನ್ನೂರು ಕೊಟ್ಟು ನೂರ ನಲವತ್ತೈದು ತಗೊಂಡ ಕಥೆ

ಒಂದು ಕಂಪನಿ ಇನ್ನೊಂದನ್ನು ಕೊಂಡುಕೊಂಡಾಗ ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಒಂದು ಸಾಲು ಬಂದೇ ಬರುತ್ತೆ. "ಈ ಖರೀದಿಯಿಂದ ಮೊದಲ ವರ್ಷದಿಂದಲೇ ನಮ್ಮ ಇಪಿಎಸ್ ಹೆಚ್ಚಲಿದೆ" ಅಂತ ಕೊಂಡವರು ಹೇಳ್ತಾರೆ. ಅದರ ಹಿಂದೆಯೇ "ಸಿನರ್ಜಿಗಳಿಂದ ಇನ್ನೂ ಲಾಭವಿದೆ" ಅನ್ನೋ ಇನ್ನೊಂದು ಸಾಲು. ಹೊಟ್ಟೆಪಾಡಿಗೆ ನಾನು ಮಾಡೋ ಕೆಲಸದಲ್ಲಿ ಇಂಥ ಸಾಲುಗಳ ಹಿಂದಿರೋ ಎಕ್ಸೆಲ್ ಹಾಳೆಗಳನ್ನು ತುಂಬಿ ತುಂಬಿ ಕಣ್ಣು ಮಂಜಾಗಿದೆ. ಆ ಹಾಳೆಯಲ್ಲಿ ಏನಿರುತ್ತೆ, ಅದು ಏನು ಹೇಳುತ್ತೆ, ಏನನ್ನು ಹೇಳದೆ ಮುಚ್ಚಿಡುತ್ತೆ ಅಂತ ಒಮ್ಮೆ ಕನ್ನಡದಲ್ಲೇ ಬರೀಬೇಕು ಅಂತ ಬಹಳ ದಿನದಿಂದ ಇತ್ತು. ಲೆಕ್ಕ ಅಂದ ಕೂಡಲೇ ಓಡಬೇಡಿ ಮಾರಾಯ್ರೆ, ಕೂಡಿಸೋದು ಭಾಗಿಸೋದು ಬಿಟ್ಟರೆ ಇದರಲ್ಲಿ ಬೇರೇನೂ ಇಲ್ಲ!

ಉದಾಹರಣೆಗೆ ನಮ್ಮೂರಿನದ್ದೇ ಒಂದು ಬ್ಯಾಂಕನ್ನು ತಗೊಳ್ತೀನಿ. 1930ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವೈಶ್ಯ ಬ್ಯಾಂಕ್ ನಿಮಗೆ ನೆನಪಿರಬಹುದು. 2002ರಲ್ಲಿ ಡಚ್ಚರ ಐಎನ್‌ಜಿ ಸಂಸ್ಥೆ ಅದರ ಹಿಡಿತ ತಗೊಂಡಾಗ ಐಎನ್‌ಜಿ ವೈಶ್ಯ ಅನ್ನೋ ಹೆಸರಾಯ್ತು. 2014ರ ನವೆಂಬರ್ 20ರಂದು ಮುಂಬೈನ ಕೋಟಕ್ ಮಹೀಂದ್ರ ಬ್ಯಾಂಕ್ ಅದನ್ನು ತನ್ನೊಳಗೆ ವಿಲೀನ ಮಾಡಿಕೊಳ್ಳೋದಾಗಿ ಪ್ರಕಟಿಸಿತು. ದುಡ್ಡಿನ ವ್ಯವಹಾರವೇ ಇಲ್ಲ, ಎಲ್ಲಾ ಷೇರಿನಲ್ಲೇ. ಐಎನ್‌ಜಿ ವೈಶ್ಯದ 1000 ಷೇರು ಇದ್ದವರಿಗೆ ಕೋಟಕ್‌ನ 725 ಷೇರು. 2015ರ ಏಪ್ರಿಲ್ 1ರಿಂದ ವಿಲೀನ ಜಾರಿಗೆ ಬಂತು.

ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನಮ್ಮ ಚಿಕ್ಕಪ್ಪನ ಹತ್ತಿರ ಈ ಬ್ಯಾಂಕಿನ ಇನ್ನೂರು ಷೇರುಗಳಿದ್ದವು. ಸುದ್ದಿ ಓದಿದ್ದೇ ತಡ ಫೋನ್ ಬಂತು. "ಅಲ್ಲೋ, ಇನ್ನೂರು ಕೊಟ್ರೆ ನೂರ ನಲವತ್ತೈದು ವಾಪಸ್ ಕೊಡ್ತಾರಂತೆ. ಇದು ಯಾವ ಸೀಮೆ ವ್ಯಾಪಾರ? ಅವರಿಗೆ ಲಾಭವೋ ನಮಗೋ?" ಪ್ರಶ್ನೆ ನೇರವಾಗಿತ್ತು. ಬ್ಯಾಂಕರುಗಳು ಲಕ್ಷಗಟ್ಟಲೆ ಶುಲ್ಕ ತಗೊಂಡು ಉತ್ತರಿಸೋದೂ ಇದೇ ಪ್ರಶ್ನೆಗೆ.

ಮೊದಲು ಹಾಳೆಯ ಮೊದಲ ಭಾಗ. 2013-14ರ ಪೂರ್ತಿ ವರ್ಷದ ಲೆಕ್ಕ ಹಿಡಿಯೋಣ. ಕೋಟಕ್ ಸಮೂಹದ ಒಟ್ಟು ನಿವ್ವಳ ಲಾಭ ಸುಮಾರು 2,465 ಕೋಟಿ. ಬ್ಯಾಂಕೊಂದರದ್ದೇ ಆದರೆ ಇದು ಸುಮಾರು 1,500 ಕೋಟಿ, ಉಳಿದದ್ದು ವಿಮೆ, ಕಾರು ಸಾಲ, ಷೇರು ದಲ್ಲಾಳಿ ಮುಂತಾದ ಅಂಗಸಂಸ್ಥೆಗಳದ್ದು. ಕೋಟಕ್ ಷೇರು ಇಟ್ಟುಕೊಂಡವನಿಗೆ ಇವೆಲ್ಲದರಲ್ಲೂ ಪಾಲು ಇರೋದರಿಂದ ಸಮೂಹದ ಲಾಭವನ್ನೇ ತಗೊಳ್ಳೋದು ಸರಿ. ಷೇರುಗಳ ಸಂಖ್ಯೆ ಸುಮಾರು 77 ಕೋಟಿ. ಭಾಗಿಸಿದರೆ ಷೇರೊಂದಕ್ಕೆ 32 ರೂಪಾಯಿ ಲಾಭ. ಇದೇ ಇಪಿಎಸ್.

ಐಎನ್‌ಜಿ ವೈಶ್ಯದ ಲಾಭ ಸುಮಾರು 658 ಕೋಟಿ. ಅದರ ಷೇರುದಾರರಿಗೆ ಕೊಡೋಕೆ ಕೋಟಕ್ ಹೊಸದಾಗಿ ಮುದ್ರಿಸಬೇಕಾದ ಷೇರುಗಳು ಸುಮಾರು 13.9 ಕೋಟಿ. ಈಗ ಎರಡೂ ಲಾಭ ಕೂಡಿಸಿ: 3,123 ಕೋಟಿ. ಎರಡೂ ಷೇರು ಕೂಡಿಸಿ: 90.9 ಕೋಟಿ. ಭಾಗಿಸಿ: ಷೇರೊಂದಕ್ಕೆ 34 ರೂಪಾಯಿ 36 ಪೈಸೆ. 32 ಇದ್ದದ್ದು 34.36 ಆಯ್ತು, ಅಂದರೆ ಶೇಕಡಾ 7ಕ್ಕಿಂತ ಹೆಚ್ಚು ಏರಿಕೆ. ಇದಕ್ಕೆ ಅಕ್ರೀಶನ್ ಅಂತಾರೆ. ಬದಲಿಗೆ 32ಕ್ಕಿಂತ ಕಡಿಮೆ ಬಂದಿದ್ದರೆ ಡೈಲ್ಯೂಶನ್, ನಮ್ಮ ಮಾತಲ್ಲಿ ಹಾಲಿಗೆ ನೀರು ಬಿದ್ದ ಹಾಗೆ, ಲಾಭ ತೆಳುವಾಗೋದು.

ಎಕ್ಸೆಲ್‌ನಲ್ಲಿ ಮಾಡಿ ನೋಡೋ ಚಟ ಇದ್ದವರಿಗೆ ಪೂರ್ತಿ ಹಾಳೆಯ ಸಾರ ಈ ಒಂದು ಸಾಲಿನಲ್ಲಿದೆ:

```
=(B2+B3+B4-B5)/(B6+B7)
```

B2 ಕೊಳ್ಳುವವರ ಲಾಭ, B3 ಕೊಳ್ಳಲ್ಪಡುವವರ ಲಾಭ, B4 ತೆರಿಗೆ ಕಳೆದ ಸಿನರ್ಜಿ, B5 ತೆರಿಗೆ ಕಳೆದ ಹೊಸ ಖರ್ಚುಗಳು, B6 ಹಳೆ ಷೇರು, B7 ಹೊಸ ಷೇರು. ಬ್ಯಾಂಕರುಗಳ ಹಾಳೆ ಮೂವತ್ತು ಪುಟ ಇದ್ದರೂ ಕೊನೆಗೆ ಬಂದು ಸೇರೋದು ಇಲ್ಲಿಗೇ.

ಈಗ ಗಮನಿಸಿ. ಮೇಲಿನ ಲೆಕ್ಕದಲ್ಲಿ ನಾನು B4 ಮತ್ತು B5 ಎರಡನ್ನೂ ಸೊನ್ನೆ ಇಟ್ಟಿದ್ದೆ. ಒಂದು ಶಾಖೆ ಮುಚ್ಚಿಲ್ಲ, ಒಬ್ಬ ಹೊಸ ಗಿರಾಕಿ ಬಂದಿಲ್ಲ, ಒಂದು ಪೈಸೆ ಉಳಿತಾಯ ಆಗಿಲ್ಲ. ಎರಡೂ ಬ್ಯಾಂಕು ನಿನ್ನೆ ಹೇಗಿದ್ದವೋ ಇವತ್ತೂ ಹಾಗೇ ಇವೆ. ಆದರೂ ಕೋಟಕ್ ಷೇರಿನ ಲಾಭ ಶೇಕಡಾ 7 ಏರಿಬಿಟ್ಟಿತು! ಈ ದುಡ್ಡು ಎಲ್ಲಿಂದ ಬಂತು?

ಇದನ್ನು ನೇರವಾಗಿ ಲೆಕ್ಕ ಹಾಕಿ ನೋಡೋಣ. ಹಳೆ ಕೋಟಕ್ ಷೇರುದಾರರ 77 ಕೋಟಿ ಷೇರಿಗೆ 34.36ರಂತೆ ಸುಮಾರು 2,645 ಕೋಟಿ ಲಾಭದ ಪಾಲು. ಮೊದಲು 2,465 ಇತ್ತು, 180 ಕೋಟಿ ಹೆಚ್ಚು. ಈಗ ನಮ್ಮ ಚಿಕ್ಕಪ್ಪನ ಪಕ್ಷದವರನ್ನು ನೋಡಿ. ಅವರ ಹೊಸ 13.9 ಕೋಟಿ ಷೇರಿಗೆ 34.36ರಂತೆ ಸುಮಾರು 478 ಕೋಟಿ. ಮೊದಲು 658 ಕೋಟಿ ಅವರದ್ದೇ ಆಗಿತ್ತು, 180 ಕೋಟಿ ಕಡಿಮೆ. ಒಬ್ಬರ ಕಿಸೆಯಿಂದ ಇನ್ನೊಬ್ಬರ ಕಿಸೆಗೆ ಹೋಯ್ತು, ಅಷ್ಟೇ. ನಮ್ಮ ಚಿಕ್ಕಪ್ಪನ ಇನ್ನೂರು ಷೇರಿನ ಹಿಂದೆ ಮೊದಲು ವರ್ಷಕ್ಕೆ ಸುಮಾರು 6,860 ರೂಪಾಯಿ ಲಾಭ ನಿಂತಿತ್ತು, ಹೊಸ ನೂರ ನಲವತ್ತೈದರ ಹಿಂದೆ 4,980.

ಹಾಗಾದರೆ ಚಿಕ್ಕಪ್ಪನಿಗೆ ಮೋಸ ಆಯ್ತಾ? ಅದೂ ಇಲ್ಲ. ಪ್ರಕಟಣೆಗೆ ಹಿಂದಿನ ಒಂದು ತಿಂಗಳ ಸರಾಸರಿ ಬೆಲೆಯ ಮೇಲೆ ನೋಡಿದರೆ ಈ ಅನುಪಾತದಲ್ಲಿ ಐಎನ್‌ಜಿ ವೈಶ್ಯದ ಒಂದು ಷೇರಿಗೆ 790 ರೂಪಾಯಿ ಬಿದ್ದ ಹಾಗಾಗಿತ್ತು. ಅದೇ ಅವಧಿಯ ಅದರ ಸ್ವಂತ ಮಾರುಕಟ್ಟೆ ಬೆಲೆಗಿಂತ ಇದು ಶೇಕಡಾ 16 ಹೆಚ್ಚು. ಅಂದರೆ 680 ರೂಪಾಯಿ ಆಸುಪಾಸಿನ ಸರಕಿಗೆ 790 ಸಿಕ್ಕಿತು. ಲಾಭದ ಪಾಲು ಕಡಿಮೆಯಾಯ್ತು, ಷೇರಿನ ಮೌಲ್ಯ ಹೆಚ್ಚಾಯ್ತು.

ಈ ಎರಡೂ ಒಟ್ಟಿಗೆ ಹೇಗೆ ಸಾಧ್ಯ ಅನ್ನೋದಕ್ಕೆ ಉತ್ತರ ಪಿಇ. ಒಂದು ರೂಪಾಯಿ ಲಾಭಕ್ಕೆ ಮಾರುಕಟ್ಟೆ ಎಷ್ಟು ರೂಪಾಯಿ ಕೊಡ್ತಿದೆ ಅನ್ನೋ ಅಳತೆ ಅದು. ಕೋಟಕ್‌ನ ಷೇರು ಆಗ ಸರಾಸರಿ 1,090 ರೂಪಾಯಿ, ಲಾಭ 32 ರೂಪಾಯಿ, ಅಂದರೆ 34 ಪಟ್ಟು. ಐಎನ್‌ಜಿ ವೈಶ್ಯಕ್ಕೆ ಕೊಟ್ಟ 790ಕ್ಕೆ ಅದರ ಲಾಭ 34 ರೂಪಾಯಿ ಚಿಲ್ಲರೆ, ಅಂದರೆ 23 ಪಟ್ಟು. 34 ಪಟ್ಟು ಬೆಲೆಬಾಳೋ ಕಾಗದ ಕೊಟ್ಟು 23 ಪಟ್ಟಿನ ಸರಕು ತಗೊಂಡರೆ ಇಪಿಎಸ್ ಏರಲೇಬೇಕು. ಅದು ಜಾಣತನ ಅಲ್ಲ, ಗಣಿತ. ಕೊಳ್ಳುವವರ ಪಿಇ, ಕೊಟ್ಟ ಬೆಲೆಯ ಪಿಇಗಿಂತ ಹೆಚ್ಚಿದ್ದರೆ ಅಕ್ರೀಶನ್, ಕಡಿಮೆ ಇದ್ದರೆ ಡೈಲ್ಯೂಶನ್. ಷೇರಿನಲ್ಲಿ ನಡೆಯೋ ಎಲ್ಲಾ ಖರೀದಿಗೂ ಇದೇ ನಿಯಮ. 1960ರ ದಶಕದ ಅಮೆರಿಕದಲ್ಲಿ ಎಷ್ಟೋ ಕಂಪನಿಗಳು ಇದನ್ನೇ ದಂಧೆ ಮಾಡಿಕೊಂಡಿದ್ದವು. ತಮ್ಮ ದುಬಾರಿ ಷೇರು ಕೊಟ್ಟು ಅಗ್ಗದ ಕಂಪನಿಗಳನ್ನು ಒಂದರ ಮೇಲೊಂದು ಕೊಳ್ಳೋದು, ಪ್ರತಿ ವರ್ಷ ಇಪಿಎಸ್ ಏರಿದ್ದು ತೋರಿಸೋದು. ಷೇರಿನ ಬೆಲೆ ಬಿದ್ದ ದಿನ ಆಟ ಮುಗೀತು.

ಇದು ಇನ್ನೂ ಸ್ಪಷ್ಟ ಆಗಬೇಕಾದರೆ ಒಂದು ಕಲ್ಪನೆ ಮಾಡಿ. ಬ್ಯಾಂಕುಗಳ ವಿಷಯದಲ್ಲಿ ಬಂಡವಾಳದ ನಿಯಮಗಳಿಂದಾಗಿ ಹೀಗೆ ಮಾಡೋಕೆ ಆಗಲ್ಲ, ಲೆಕ್ಕಕ್ಕೆ ಮಾತ್ರ ಅಂದುಕೊಳ್ಳಿ. ಕೋಟಕ್ ಇದೇ ಬ್ಯಾಂಕನ್ನು ಇದೇ ಬೆಲೆಗೆ, ಷೇರಿನ ಬದಲು ಸಾಲ ತಗೊಂಡು ನಗದಿನಲ್ಲಿ ಕೊಂಡಿದ್ದರೆ? ಬೆಲೆ ಸುಮಾರು 15,000 ಕೋಟಿ. ಶೇಕಡಾ 9ರ ಬಡ್ಡಿ ಅಂದರೆ ವರ್ಷಕ್ಕೆ 1,350 ಕೋಟಿ. ಬಡ್ಡಿ ಖರ್ಚಿಗೆ ತೆರಿಗೆ ಉಳಿಯೋದರಿಂದ, ಆಗಿನ ಸುಮಾರು 34ರ ತೆರಿಗೆ ದರದಲ್ಲಿ ನಿಜವಾದ ಹೊರೆ ಸುಮಾರು 890 ಕೋಟಿ. ಬರೋ ಲಾಭ 658, ಹೋಗೋ ಬಡ್ಡಿ 890. ಹೊಸ ಷೇರು ಇಲ್ಲ, ಹಾಗಾಗಿ 77 ಕೋಟಿಯಿಂದಲೇ ಭಾಗಿಸಿ: ಇಪಿಎಸ್ 29 ರೂಪಾಯಿ. 32ರಿಂದ 29ಕ್ಕೆ ಇಳಿಯಿತು!

ಅದೇ ಬ್ಯಾಂಕು, ಅದೇ ಬೆಲೆ, ಅದೇ ಶಾಖೆ, ಅದೇ ಸಿಬ್ಬಂದಿ. ಒಂದು ಹಾಳೆಯಲ್ಲಿ ಶೇಕಡಾ 7 ಏರಿಕೆ, ಇನ್ನೊಂದರಲ್ಲಿ ಶೇಕಡಾ 9 ಇಳಿಕೆ. ಹಾಗಾದರೆ ಈ ಸಂಖ್ಯೆ ಬ್ಯಾಂಕು ಚೆನ್ನಾಗಿದೆಯೋ ಇಲ್ಲವೋ ಅಂತ ಹೇಳ್ತಾ ಇಲ್ಲ. ದುಡ್ಡು ಯಾವ ರೂಪದಲ್ಲಿ ಕೊಟ್ಟಿರಿ ಅನ್ನೋದನ್ನು ಮಾತ್ರ ಹೇಳ್ತಾ ಇದೆ. ಷೇರಿನ ಖರ್ಚು ಇಪಿಎಸ್ ಹಾಳೆಯಲ್ಲಿ ಕಾಣೋದೇ ಇಲ್ಲ, ಬಡ್ಡಿ ಮಾತ್ರ ಕಾಣುತ್ತೆ. ಬಡ್ಡಿ ದರ ತೀರಾ ಕಡಿಮೆ ಇದ್ದ ಕಾಲದಲ್ಲಿ ಇದೇ ತಿರುಗುಮುರುಗಾಗಿ, ಯಾವ ಕಂಪನಿಯನ್ನು ಸಾಲ ಮಾಡಿ ಕೊಂಡರೂ ಅಕ್ರೀಶನ್ ಬಂದುಬಿಡುತ್ತೆ.

ಹಾಗಾದರೆ ನಿಜವಾದ ಲಾಭ ಎಲ್ಲಿಂದ ಬರಬೇಕು? ಇಲ್ಲಿ ಸಿನರ್ಜಿ ಬರುತ್ತೆ. ಎರಡೂ ಕಂಪನಿ ಬೇರೆ ಬೇರೆ ಇದ್ದಾಗ ಇರದಿದ್ದ, ಒಂದಾದ್ದರಿಂದಲೇ ಹುಟ್ಟೋ ಲಾಭ ಅದು. ಆ 180 ಕೋಟಿಯ ಹಾಗೆ ಒಬ್ಬರಿಂದ ಕಿತ್ತು ಇನ್ನೊಬ್ಬರಿಗೆ ಕೊಟ್ಟದ್ದಲ್ಲ, ಹೊಸದು. ಮತ್ತು ಎಷ್ಟು ಸಿನರ್ಜಿ ಬೇಕು ಅನ್ನೋದಕ್ಕೆ ಇಪಿಎಸ್‌ಗಿಂತ ಸರಿಯಾದ ಅಳತೆಗೋಲು ಇದೆ: ಮಾರುಕಟ್ಟೆ ಬೆಲೆಯ ಮೇಲೆ ಹೆಚ್ಚಿಗೆ ಕೊಟ್ಟದ್ದಿದೆಯಲ್ಲ, ಆ ಪ್ರೀಮಿಯಂ. ಕಡೇ ಪಕ್ಷ ಅಷ್ಟಾದರೂ ಸಿನರ್ಜಿಯಿಂದ ಹುಟ್ಟದಿದ್ದರೆ ಕೊಂಡವರು ಕೈಯಿಂದ ಕಳಕೊಂಡ ಹಾಗೆ, ಇಪಿಎಸ್ ಎಷ್ಟೇ ಏರಲಿ.

ಲೆಕ್ಕ ಹಾಕೋಣ. 790ರಲ್ಲಿ ಪ್ರೀಮಿಯಂ ಸುಮಾರು 109 ರೂಪಾಯಿ. ಐಎನ್‌ಜಿ ವೈಶ್ಯದ ಷೇರುಗಳು ಸುಮಾರು 19.2 ಕೋಟಿ. ಗುಣಿಸಿದರೆ ಸುಮಾರು 2,090 ಕೋಟಿ. ಇದು ಒಟ್ಟು ಮೊತ್ತ, ವರ್ಷದ್ದಲ್ಲ. ಪ್ರತಿ ವರ್ಷ ಎಷ್ಟು ಬಂದರೆ ಇವತ್ತಿನ 2,090 ಕೋಟಿಗೆ ಸಮ? ಷೇರುದಾರರು ಶೇಕಡಾ 12ರ ಪ್ರತಿಫಲ ಬಯಸ್ತಾರೆ ಅಂತ ನಾನು ಹಿಡಿದುಕೊಳ್ತೀನಿ. ಆಗ ವರ್ಷಕ್ಕೆ 250 ಕೋಟಿ, ಮೊದಲ ವರ್ಷದಿಂದಲೇ ಶುರುವಾಗಿ ಎಂದೆಂದಿಗೂ ಬರಬೇಕು. ಇದು ತೆರಿಗೆ ಕಟ್ಟಿದ ಮೇಲಿನ ಮಾತು. ತೆರಿಗೆಗೆ ಮುಂಚೆ 380 ಕೋಟಿ.

ಈ 380 ಕೋಟಿಯನ್ನು ಹಾಗೇ ನೋಡಿದರೆ ದೊಡ್ಡದೋ ಚಿಕ್ಕದೋ ಗೊತ್ತಾಗಲ್ಲ. ಹಾಗಾಗಿ ನಾನು ಯಾವಾಗಲೂ ಅದನ್ನು ಕಣ್ಣಿಗೆ ಕಾಣೋ ವಸ್ತುವಿನಿಂದ ಭಾಗಿಸ್ತೀನಿ. ಐಎನ್‌ಜಿ ವೈಶ್ಯಕ್ಕೆ ಆಗ 573 ಶಾಖೆಗಳಿದ್ದವು. ಶಾಖೆಗೆ 66 ಲಕ್ಷ ರೂಪಾಯಿ, ಪ್ರತಿ ವರ್ಷ. ಚಿಕ್ಕಪೇಟೆಯ ಶಾಖೆಯಿಂದಲೂ, ದಾವಣಗೆರೆಯಂಥ ಊರಿನ ಶಾಖೆಯಿಂದಲೂ, ಆಂಧ್ರದ ಯಾವುದೋ ಸಣ್ಣ ಊರಿನ ಶಾಖೆಯಿಂದಲೂ ಈಗಿರೋ ಲಾಭದ ಮೇಲೆ ವರ್ಷಕ್ಕೆ 66 ಲಕ್ಷ ಹೆಚ್ಚಿಗೆ ಬರಬೇಕು. ಈಗ ಪ್ರಶ್ನೆ ಕೈಗೆ ಸಿಕ್ಕಿತು ನೋಡಿ. ಇದು ಆಗೋ ಮಾತಾ, ಹೇಗೆ ಆಗುತ್ತೆ ಅಂತ ಈಗ ಕೇಳಬಹುದು.

ಸಾಮಾನ್ಯವಾಗಿ ಇಂಥ ಕಡೆ ಮೊದಲು ಹುಡುಕೋದು ಖರ್ಚಿನ ಉಳಿತಾಯ. ಒಂದೇ ಬೀದಿಯಲ್ಲಿ ಎರಡು ಶಾಖೆ ಇದ್ದರೆ ಒಂದನ್ನು ಮುಚ್ಚೋದು. ಆದರೆ ಈ ಮದುವೆಯಲ್ಲಿ ಅದಕ್ಕೆ ಅವಕಾಶ ಕಡಿಮೆ ಇತ್ತು. ಕೋಟಕ್‌ನ 641 ಶಾಖೆಗಳಲ್ಲಿ ಹೆಚ್ಚಿನವು ಪಶ್ಚಿಮ ಮತ್ತು ಉತ್ತರ ಭಾರತದಲ್ಲಿ, ಐಎನ್‌ಜಿ ವೈಶ್ಯದ ಬಲ ಇದ್ದದ್ದು ಕರ್ನಾಟಕ ಮತ್ತು ಆಂಧ್ರ, ತೆಲಂಗಾಣಗಳಲ್ಲಿ. ಒಂದರ ಮೇಲೊಂದು ಬೀಳೋದು ಕಡಿಮೆ. ಅದು ಊರು ಹಬ್ಬಿಸೋಕೆ ಒಳ್ಳೆಯದು, ಖರ್ಚು ಕಡಿಮೆ ಮಾಡೋಕಲ್ಲ. ಉಳಿತಾಯ ಸಿಗೋದು ಪ್ರಧಾನ ಕಚೇರಿ, ಖಜಾನೆ ವಿಭಾಗ, ಕಂಪ್ಯೂಟರ್ ವ್ಯವಸ್ಥೆ, ಲೆಕ್ಕಪರಿಶೋಧನೆ ಇಂಥ ಕಡೆ. ಮತ್ತು ಅಲ್ಲಿ ಉಳಿಯೋದಕ್ಕಿಂತ ಮೊದಲು ಎರಡು ಕಂಪ್ಯೂಟರ್ ವ್ಯವಸ್ಥೆಗಳನ್ನು ಒಂದು ಮಾಡೋಕೆ ಖರ್ಚಾಗುತ್ತೆ.

ಉಳಿದದ್ದು ಆದಾಯದ ಸಿನರ್ಜಿ. ವೈಶ್ಯ ಬ್ಯಾಂಕಿನ ಹಳೇ ಗಿರಾಕಿಗೆ ಕೋಟಕ್‌ನ ವಿಮೆ, ಮ್ಯೂಚುವಲ್ ಫಂಡ್ ಮಾರೋದು, ಇತ್ಯಾದಿ. ಇದು ಹಾಳೆಯ ಮೇಲೆ ಬಹಳ ಚೆಂದ ಕಾಣುತ್ತೆ. ಆದರೆ ಇಲ್ಲಿ ಒಂದು ಹಳ್ಳ ಇದೆ. ನೂರು ರೂಪಾಯಿ ಹೆಚ್ಚುವರಿ ಆದಾಯ ಬಂದರೆ ಅದು ನೂರು ರೂಪಾಯಿ ಸಿನರ್ಜಿ ಅಲ್ಲ. ಅದನ್ನು ಮಾರಿದವನ ಸಂಬಳ, ಕೊಟ್ಟ ಸಾಲ ಮುಳುಗೋ ಸಾಧ್ಯತೆ, ತೆರಿಗೆ ಎಲ್ಲಾ ಕಳೆದು ಉಳಿದದ್ದು ಮಾತ್ರ ಸಿನರ್ಜಿ. ಹಾಳೆಯಲ್ಲಿ ಆದಾಯವನ್ನೇ ನೇರವಾಗಿ ಲಾಭಕ್ಕೆ ಕೂಡಿಸಿದ್ದು ಕಂಡರೆ ಅಲ್ಲೇ ಪೆನ್ನು ಹಿಡಿದು ಗುರುತು ಹಾಕಬೇಕು.

ಇನ್ನೊಂದು ಸಂಗತಿಯನ್ನು ಬಹಳ ಜನ ಬರೆಯೋದೇ ಇಲ್ಲ: ಉಲ್ಟಾ ಸಿನರ್ಜಿ. 2011ರಲ್ಲಿ ಆರ್‌ಬಿಐ ಉಳಿತಾಯ ಖಾತೆಯ ಬಡ್ಡಿಯನ್ನು ಮುಕ್ತ ಮಾಡಿದಾಗ ಕೋಟಕ್ ಒಂದು ಲಕ್ಷ ಮೀರಿದ ಠೇವಣಿಗೆ ಶೇಕಡಾ 6 ಕೊಡೋಕೆ ಶುರು ಮಾಡಿತ್ತು. ದೊಡ್ಡ ಬ್ಯಾಂಕುಗಳು 4ರಲ್ಲೇ ಇದ್ದವು. ಈಗ 4 ಕೊಡೋ ಬ್ಯಾಂಕನ್ನು 6 ಕೊಡೋ ಬ್ಯಾಂಕು ನುಂಗಿತು ಅಂದುಕೊಳ್ಳಿ. ಒಂದೇ ಹೆಸರಿನಡಿ ಎರಡು ದರ ಇಟ್ಟುಕೊಳ್ಳೋಕೆ ಆಗಲ್ಲ, ನುಂಗಿಸಿಕೊಂಡವರ ಗಿರಾಕಿಗಳಿಗೂ 6 ಕೊಡಬೇಕು. ಅಂಥ ಠೇವಣಿ 5,000 ಕೋಟಿ ಇದ್ದರೆ ವರ್ಷಕ್ಕೆ 100 ಕೋಟಿ ಖರ್ಚು, ಒಂದಾದ ತಪ್ಪಿಗೆ. ಸಂಬಳದ ವಿಷಯವೂ ಹಾಗೇ. ಇಬ್ಬರ ಸಂಬಳ ಸರಿಸಮ ಮಾಡುವಾಗ ಯಾರೂ ಮೇಲಿನವರದ್ದನ್ನು ಕೆಳಗಿಳಿಸಲ್ಲ, ಕೆಳಗಿನವರದ್ದನ್ನು ಮೇಲೆತ್ತುತ್ತಾರೆ. ಇವನ್ನೆಲ್ಲ ಕಳೆದ ಮೇಲೆ 380 ಕೋಟಿ ಉಳಿಯಬೇಕು.

ಮತ್ತೆ ಕಾಲದ ಪ್ರಶ್ನೆ. ಸಿನರ್ಜಿ ಮೊದಲ ವರ್ಷ ಬರೋದೇ ಇಲ್ಲ, ಎರಡನೇ ವರ್ಷ ಅರ್ಧ, ಮೂರನೇ ವರ್ಷದಿಂದ ಪೂರ್ತಿ ಅಂತ ಇಟ್ಟುಕೊಂಡರೆ, ಅದೇ ಪ್ರೀಮಿಯಂ ತೀರಿಸೋಕೆ ವರ್ಷಕ್ಕೆ 250ರ ಬದಲು ಸುಮಾರು 300 ಕೋಟಿ ಬೇಕಾಗುತ್ತೆ, ತೆರಿಗೆಗೆ ಮುಂಚೆ 450. ಎರಡು ವರ್ಷದ ವಿಳಂಬಕ್ಕೆ ಅಷ್ಟು ದಂಡ.

ಈಗ ಹಾಳೆ ಹೇಗೆ ಕೆಡುತ್ತೆ ಅನ್ನೋದು ಹೇಳಿಬಿಡ್ತೀನಿ. ಎಕ್ಸೆಲ್‌ನಲ್ಲಿ Goal Seek ಅಂತ ಒಂದು ಸೌಲಭ್ಯ ಇದೆ. ಉತ್ತರ ಇಷ್ಟು ಬರಬೇಕು ಅಂದರೆ ಈ ಕೋಶದಲ್ಲಿ ಏನಿರಬೇಕು ಅಂತ ಅದು ತಾನೇ ಹುಡುಕಿಕೊಡುತ್ತೆ. ನಮ್ಮ ನಗದು ಉದಾಹರಣೆಯಲ್ಲಿ ಇಪಿಎಸ್ 29ಕ್ಕೆ ಇಳಿದಿತ್ತಲ್ಲ, ಅದನ್ನು 32ಕ್ಕೆ ಎತ್ತೋಕೆ ಎಷ್ಟು ಸಿನರ್ಜಿ ಬೇಕು ಅಂತ ಕೇಳಿದರೆ ತೆರಿಗೆಗೆ ಮುಂಚೆ ಸುಮಾರು 350 ಕೋಟಿ ಅಂತ ಉತ್ತರ ಬರುತ್ತೆ. ಇದು ಬೇಕಾದ ಮೊತ್ತ. ಸಿಗುವ ಮೊತ್ತ ಬೇರೆ. ಆದರೆ ಒಮ್ಮೆ ಆ ಕೋಶದಲ್ಲಿ 350 ಅಂತ ಕೂತುಬಿಟ್ಟರೆ, ವಾರ ಕಳೆಯೋದರಲ್ಲಿ ಅದಕ್ಕೆ ಮೂರು ಉಪಶೀರ್ಷಿಕೆ ಸೇರಿ, ತಿಂಗಳು ಕಳೆಯೋದರಲ್ಲಿ ಅದು "ಆಡಳಿತ ಮಂಡಳಿಯ ಅಂದಾಜು" ಆಗಿಬಿಟ್ಟಿರುತ್ತೆ. ಬೇಕಾದದ್ದು ಸಿಗುವುದಾಗಿ ವೇಷ ಹಾಕಿಕೊಳ್ಳುತ್ತೆ. ಇದನ್ನು ಹಿಡಿಯೋಕೆ ಒಂದೇ ದಾರಿ, ಸಿನರ್ಜಿಯ ಪಟ್ಟಿ ಬೆಲೆ ಗೊತ್ತಾಗೋ ಮುಂಚೆ ತಯಾರಾಗಿತ್ತೋ ಆಮೇಲೋ ಅಂತ ಕೇಳೋದು. ಮುಂಚೆ ಮಾಡಿದ ಪಟ್ಟಿಯಲ್ಲಿ ಶಾಖೆಯ ಹೆಸರು, ಒಪ್ಪಂದದ ಹೆಸರು, ಹೊಣೆ ಹೊತ್ತ ಮನುಷ್ಯನ ಹೆಸರು ಇರುತ್ತೆ. ಆಮೇಲೆ ಮಾಡಿದ್ದರಲ್ಲಿ "ಇತರೆ ದಕ್ಷತೆಗಳು" ಇರುತ್ತೆ.

ಇನ್ನು ಕೋಟಕ್ ಕಥೆಗೆ ವಾಪಸ್ ಬರೋಣ, ನಿಜವಾಗಿ ಏನಾಯ್ತು? ಮೊದಲು ಒಂದು ಸಣ್ಣ ಲೆಕ್ಕ. ಸಿನರ್ಜಿ ಇಲ್ಲದೆಯೇ ಶೇಕಡಾ 7 ಏರಿಕೆ ಇತ್ತಲ್ಲ, ಅದು ಮಾಯ ಆಗೋಕೆ ಒಟ್ಟು ಲಾಭದಲ್ಲಿ ಎಷ್ಟು ಖೋತಾ ಆದರೆ ಸಾಕು? 90.9 ಕೋಟಿ ಷೇರಿಗೆ 32ರಂತೆ ಸುಮಾರು 2,910 ಕೋಟಿ ಬೇಕು, ಇರೋದು 3,123. ಅಂದರೆ ಸುಮಾರು 215 ಕೋಟಿ. ಐಎನ್‌ಜಿ ವೈಶ್ಯದ ಲಾಭದ ಮೂರನೇ ಒಂದು ಭಾಗ ಕರಗಿದರೆ ಅಕ್ರೀಶನ್ ಹೋಯ್ತು.

ವಿಲೀನದ ನಂತರದ ಮೊದಲ ತ್ರೈಮಾಸಿಕ, 2015ರ ಏಪ್ರಿಲ್‌ನಿಂದ ಜೂನ್. ಎರಡೂ ಸೇರಿದ ಬ್ಯಾಂಕಿನ ನಿವ್ವಳ ಲಾಭ 190 ಕೋಟಿ. ಹಿಂದಿನ ವರ್ಷ ಅದೇ ಮೂರು ತಿಂಗಳಲ್ಲಿ ಕೋಟಕ್ ಬ್ಯಾಂಕು ಒಂದೇ 430 ಕೋಟಿ ಮಾಡಿತ್ತು! ವಿಲೀನದ ಖರ್ಚು, ಬಂದ ಸಿಬ್ಬಂದಿಯ ನಿವೃತ್ತಿ ಸೌಲಭ್ಯಗಳಿಗೆ ತೆಗೆದಿಟ್ಟದ್ದು, ಬಂದ ಸಾಲಗಳನ್ನು ಕೋಟಕ್‌ನ ಬಿಗಿಯಾದ ಕಣ್ಣಿನಿಂದ ನೋಡಿ ಮುಳುಗಬಹುದು ಅಂತ ಮುಂಗಡವಾಗಿ ಬದಿಗಿಟ್ಟದ್ದು, ಎಲ್ಲಾ ಒಟ್ಟಿಗೆ ಬಿದ್ದವು. ಸೂತ್ರದ B5 ಕೋಶ ಅಂದರೆ ಇದೇ. ಪ್ರಕಟಣೆಯ ದಿನ ಅದು ಯಾರ ಕಣ್ಣಿಗೂ ದೊಡ್ಡದಾಗಿ ಕಾಣೋದಿಲ್ಲ.

ಪೂರ್ತಿ ವರ್ಷದ ಇಪಿಎಸ್ ಹೋಲಿಸುವಾಗ ಒಂದು ಎಚ್ಚರಿಕೆ ಬೇಕು. 2015ರ ಜುಲೈನಲ್ಲಿ ಕೋಟಕ್ ಒಂದಕ್ಕೊಂದು ಬೋನಸ್ ಷೇರು ಕೊಟ್ಟಿತು, ಷೇರಿನ ಸಂಖ್ಯೆ ಎರಡು ಪಟ್ಟಾಯ್ತು. ಹಾಗಾಗಿ ಹಳೇ ಇಪಿಎಸ್ ಎಲ್ಲವನ್ನೂ ಅರ್ಧ ಮಾಡಿಕೊಂಡೇ ನೋಡಬೇಕು. ಹಾಗೆ ನೋಡಿದರೆ ವಿಲೀನಕ್ಕೆ ಮುಂಚಿನ 2014-15ರಲ್ಲಿ ಸಮೂಹದ ಇಪಿಎಸ್ 19.7 ರೂಪಾಯಿ, ವಿಲೀನದ ಮೊದಲ ವರ್ಷ 2015-16ರಲ್ಲಿ 18.9, ಅದರ ಮುಂದಿನ ವರ್ಷ 26.9. ಹಾಳೆಯ ಪ್ರಕಾರ ಮೊದಲ ದಿನದಿಂದ ಏರಬೇಕಿದ್ದದ್ದು ಮೊದಲ ವರ್ಷ ಇಳಿದು ಎರಡನೇ ವರ್ಷ ನೆಗೆಯಿತು. ಈ ನೆಗೆತ ವಿಲೀನದ್ದೋ, ಕೋಟಕ್ ಒಂದೇ ಇದ್ದಿದ್ದರೂ ಬರುತ್ತಿತ್ತೋ ಅಂತ ಈ ಮೂರು ಅಂಕಿಗಳಿಂದ ಬಿಡಿಸಿ ಹೇಳೋಕೆ ಸಾಧ್ಯ ಇಲ್ಲ. ಒಂದಾದ ಮೇಲೆ ಎರಡರ ಲೆಕ್ಕ ಬೇರೆ ಬೇರೆ ಇಡೋರು ಯಾರೂ ಇಲ್ಲ. ಸಿನರ್ಜಿ ಬಂತೋ ಇಲ್ಲವೋ ಅಂತ ಆಮೇಲೆ ಯಾರೂ ಕೇಳದಿರೋದಕ್ಕೆ ಇದೂ ಒಂದು ಕಾರಣ.

ಲೆಕ್ಕದ ನಿಯಮದ ಬಗ್ಗೆಯೂ ಒಂದು ಮಾತು. ಆಗ ಈ ವಿಲೀನದಲ್ಲಿ ಎರಡೂ ಬ್ಯಾಂಕಿನ ಪುಸ್ತಕಗಳನ್ನು ಇದ್ದ ಹಾಗೇ ಕೂಡಿಸಿದ್ದರು, ಹಾಗಾಗಿ ಗುಡ್‌ವಿಲ್ ಅನ್ನೋ ಸಾಲೇ ಬರಲಿಲ್ಲ. ಬ್ಯಾಂಕಲ್ಲದ ಪಟ್ಟಿಯಾದ ಕಂಪನಿಗಳು ಈಗ ಇಂಡ್ ಎಎಸ್ 103 ಪ್ರಕಾರ ನಡೀಬೇಕು. ಅಲ್ಲಿ ಕೊಂಡ ಕಂಪನಿಯ ಗಿರಾಕಿ ಸಂಬಂಧ, ಬ್ರಾಂಡು ಇತ್ಯಾದಿಗಳಿಗೆ ಬೆಲೆ ಕಟ್ಟಿ, ಅವುಗಳಲ್ಲಿ ಆಯುಷ್ಯ ಗೊತ್ತಿರೋದನ್ನು ವರ್ಷ ವರ್ಷ ಲಾಭದಿಂದ ಕಳೀಬೇಕು. ಅಂಥ ಹಾಳೆಯಲ್ಲಿ B5 ಇನ್ನೂ ದಪ್ಪ ಆಗುತ್ತೆ. ಕಂಪನಿಗಳು ಅದನ್ನು ಬಿಟ್ಟು "ಹೊಂದಾಣಿಕೆ ಮಾಡಿದ ಇಪಿಎಸ್" ಅಂತ ಹೇಳ್ತಾವೆ, ಯಾವುದನ್ನು ಬಿಟ್ಟಿದ್ದಾರೆ ಅಂತ ಅಡಿಟಿಪ್ಪಣಿಯಲ್ಲಿ ನೋಡಬೇಕು.

ಡೈಲ್ಯೂಶನ್ ಅನ್ನೋ ಪದಕ್ಕೆ ಇನ್ನೊಂದು ಅರ್ಥವೂ ಇದೆ, ಅದನ್ನು ಇದರ ಜೊತೆ ಕಲಸಬಾರದು. ಮಾಲೀಕತ್ವ ತೆಳುವಾಗೋದು. 13.9 ಕೋಟಿ ಹೊಸ ಷೇರು ಬಂದಿದ್ದರಿಂದ ಉದಯ್ ಕೋಟಕ್ ಅವರ ಪಾಲು ಸುಮಾರು 40ರಿಂದ 34ಕ್ಕೆ ಇಳಿಯಿತು. ಸಾಮಾನ್ಯವಾಗಿ ಸಂಸ್ಥಾಪಕರು ಇದಕ್ಕೆ ಬೇಸರ ಪಟ್ಟುಕೊಳ್ತಾರೆ. ಆದರೆ ಇಲ್ಲಿ ಪಾಲು ಇಳಿಸಿಕೊಳ್ಳಿ ಅಂತ ಆರ್‌ಬಿಐ ಬೆನ್ನು ಹತ್ತಿತ್ತು. ಷೇರು ಮಾರುಕಟ್ಟೆಗೆ ಹೋಗಿ ಮಾರದೆಯೇ ಆ ಕೆಲಸ ಒಂದಿಷ್ಟು ಆಯ್ತು. ಷೇರಿನಲ್ಲಿ ಕೊಡಬೇಕೋ ನಗದಿನಲ್ಲೋ ಅನ್ನೋ ತೀರ್ಮಾನಕ್ಕೆ ಇಂಥ ಕಾರಣಗಳೂ ಇರುತ್ತವೆ, ಮತ್ತು ಅವು ಇಪಿಎಸ್ ಹಾಳೆಯ ಯಾವ ಕೋಶದಲ್ಲೂ ಸಿಗಲ್ಲ.

ಚಿಕ್ಕಪ್ಪನಿಗೆ ಆಗ ನಾನು ಹೇಳಿದ್ದು ಇಷ್ಟೇ: "ಚಿಕ್ಕಪ್ಪ, ನಿಮ್ಮ ಷೇರಿನ ಎಣಿಕೆ ನೋಡಬೇಡಿ. ನೀವು ವರ್ಷದ ಲಾಭದ ಒಂದು ಭಾಗ ಬಿಟ್ಟುಕೊಟ್ಟು, ವೇಗವಾಗಿ ಬೆಳೀಬಹುದು ಅಂತ ಜನ ನಂಬಿರೋ ಬ್ಯಾಂಕಿನ ಪಾಲು ತಗೊಳ್ತಾ ಇದೀರಿ. ಆ ನಂಬಿಕೆ ನಿಮಗೂ ಇದ್ದರೆ ಇಟ್ಕೊಳ್ಳಿ, ಇಲ್ಲದಿದ್ದರೆ ಪ್ರೀಮಿಯಂ ಸಿಕ್ಕಿದೆ, ಮಾರಿ." ಅವರು ಒಂದು ನಿಮಿಷ ಸುಮ್ಮನಿದ್ದು, "ಅಂದ್ರೆ ಅವರ ಲಾಭ ಏರಿದ್ದು ನಮ್ಮದರಿಂದ ಅನ್ನು" ಅಂದರು. ವ್ಯಾಪಾರಸ್ಥ ಮನುಷ್ಯ, ಮೂವತ್ತು ಪುಟದ ಹಾಳೆ ಒಂದು ವಾಕ್ಯದಲ್ಲಿ ಮುಗಿಸಿಬಿಟ್ಟರು.

ಮುಂದೆ ಯಾವತ್ತಾದರೂ ನಿಮ್ಮ ಕೈಲಿರೋ ಕಂಪನಿ ಇನ್ನೊಂದನ್ನು ಕೊಂಡು "ಮೊದಲ ವರ್ಷದಿಂದಲೇ ಇಪಿಎಸ್ ಏರಿಕೆ" ಅಂದರೆ, ಮೊದಲು ಎರಡು ಪಿಇ ಪಕ್ಕಪಕ್ಕ ಬರೆದು ನೋಡಿ. ಏರಿಕೆ ಎಲ್ಲಾ ಅಲ್ಲಿಂದಲೇ ಬಂದಿದ್ದರೆ ಅದರಲ್ಲಿ ಸುದ್ದಿ ಏನೂ ಇಲ್ಲ. ಆಮೇಲೆ ಪ್ರೀಮಿಯಂ ಎಷ್ಟು ಕೋಟಿ ಅಂತ ಲೆಕ್ಕ ಹಾಕಿ, ಅದನ್ನು ತೀರಿಸೋಕೆ ವರ್ಷಕ್ಕೆ ಎಷ್ಟು ಬೇಕು ಅಂತ ನೋಡಿ, ಅದನ್ನು ಶಾಖೆಗೋ, ಕಾರ್ಖಾನೆಗೋ, ಅಂಗಡಿಗೋ ಹಂಚಿ. ಬಂದ ಸಂಖ್ಯೆಯನ್ನು ಆ ವ್ಯಾಪಾರ ಬಲ್ಲ ಒಬ್ಬರ ಮುಂದೆ ಇಟ್ಟು, ಆಗುತ್ತಾ ಅಂತ ಕೇಳಿ. ಅವರು ನಕ್ಕರೆ ಉತ್ತರ ಸಿಕ್ಕಿತು.